ಸೀರೆ ಅಂಚಿನ ಲೆಕ್ಕ: ಪವರ್‌ಪಾಯಿಂಟಿನಲ್ಲಿ ಚೌಕ ಕ್ಯಾರೊಸೆಲ್ ಮಾಡುವ ನನ್ನ ರೀತಿ

ಧಾರವಾಡದ ಕಡೆ ಕಸೂತಿ ಹಾಕುವ ಹೆಣ್ಣುಮಕ್ಕಳ ಗುಂಪುಗಳಿಗೆ ಇನ್‌ಸ್ಟಾಗ್ರಾಮ್ ಪೋಸ್ಟ್ ಮಾಡಿಕೊಡುವಾಗ ನಾನು ಬಳಸುವುದು ಪವರ್‌ಪಾಯಿಂಟ್ ಒಂದನ್ನೇ. ಕಾರಣ ಸರಳ. ಗುಂಪಿನ ಕಂಪ್ಯೂಟರಿನಲ್ಲಿ ಅದು ಮೊದಲೇ ಇರುತ್ತದೆ. ಮುಂದಿನ ಸಲ ಬೆಲೆ ಬದಲಾದಾಗ ಅವರೇ ಫೈಲು ತೆರೆದು ತಿದ್ದಿಕೊಳ್ಳಬಹುದು. ಇಲ್ಲಿ ಹೇಳುವುದು ಒಂದೇ ಕೆಲಸದ ವಿಷಯ: ಕಸೂತಿಯ ಗವಂತಿ, ಮುರಗಿ, ನೇಗಿ, ಮೆಂತ್ಯ ಎಂಬ ನಾಲ್ಕು ಹೊಲಿಗೆಗಳನ್ನು ತೋರಿಸುವ ಆರು ಸ್ಲೈಡುಗಳ ಚೌಕ ಕ್ಯಾರೊಸೆಲ್. ಬೆರಳಿನಿಂದ ಸರಿಸಿದಾಗ ಕೆಳಗಿನ ಕಸೂತಿ ಅಂಚು ಸೀರೆಯ ಅಂಚಿನ ಹಾಗೆ ಒಂದು ಸ್ಲೈಡಿನಿಂದ ಇನ್ನೊಂದಕ್ಕೆ ಎಲ್ಲಿಯೂ ತುಂಡಾಗದೆ ಹರಿಯಬೇಕು. ಕ್ಯಾರೊಸೆಲ್ ಕೆಲಸದಲ್ಲಿ ಹೆಚ್ಚು ಜನ ಎಡವುವುದು ಈ ಜೋಡಣೆಯಲ್ಲಿಯೇ.

ಮೊದಲು ಅಳತೆ. ಇನ್‌ಸ್ಟಾಗ್ರಾಮಿನ ಚೌಕ ಚಿತ್ರ 1080 ಪಿಕ್ಸೆಲ್ ಅಗಲ, 1080 ಪಿಕ್ಸೆಲ್ ಎತ್ತರ. ಪವರ್‌ಪಾಯಿಂಟ್ ಸ್ಲೈಡನ್ನು ಚಿತ್ರವಾಗಿ ಉಳಿಸುವಾಗ, ನಾವೇನೂ ಬದಲಿಸದಿದ್ದರೆ, ಒಂದು ಇಂಚಿಗೆ 96 ಪಿಕ್ಸೆಲ್ ಲೆಕ್ಕ ಹಿಡಿಯುತ್ತದೆ. 1080ನ್ನು 96ರಿಂದ ಭಾಗಿಸಿದರೆ 11.25. ಅಂದರೆ ಸ್ಲೈಡು 11.25 ಇಂಚಿನ ಚೌಕವಾಗಿದ್ದರೆ ಚಿತ್ರ ತಾನಾಗಿಯೇ 1080 ಪಿಕ್ಸೆಲ್ ಆಗಿ ಹೊರಬರುತ್ತದೆ. 10 ಇಂಚು ಎಂದು ದುಂಡಗಿನ ಸಂಖ್ಯೆ ಹಾಕಿದರೆ 960 ಪಿಕ್ಸೆಲ್ ಸಿಗುತ್ತದೆ. ಅದನ್ನು ಆ್ಯಪ್ ಹಿಗ್ಗಿಸಿದಾಗ ಅಕ್ಷರದ ಅಂಚು ಮೆತ್ತಗಾಗುತ್ತದೆ.

Design ಟ್ಯಾಬಿನಲ್ಲಿ Slide Size, ಅದರೊಳಗೆ Custom Slide Size ತೆರೆಯಿರಿ. ನಮ್ಮ ಕಡೆಯ ಕಂಪ್ಯೂಟರುಗಳಲ್ಲಿ ಅಳತೆ ಸೆಂಟಿಮೀಟರಿನಲ್ಲಿ ಕಾಣುತ್ತದೆ. ಆದರೂ ಆ ಚೌಕದಲ್ಲಿ `11.25in` ಎಂದು ಅಳತೆಯ ಹೆಸರಿನ ಸಮೇತ ಬರೆದರೆ ಅದು ಒಪ್ಪಿಕೊಂಡು 28.58 ಸೆಂ.ಮೀ. ಎಂದು ತೋರಿಸುತ್ತದೆ. ನಿಜವಾದ ಅಳತೆ 28.575. ಪರದೆಯ ಮೇಲೆ ಎರಡೇ ದಶಮಾಂಶ ಕಾಣುವುದರಿಂದ ಹಾಗೆ ಬರುತ್ತದೆ. ಈ ಕೆಲಸ ಖಾಲಿ ಫೈಲಿನಲ್ಲಿ, ಎಲ್ಲಕ್ಕಿಂತ ಮೊದಲು ಆಗಬೇಕು. ಚಿತ್ರ, ಅಕ್ಷರ ಕೂಡಿಸಿದ ಮೇಲೆ ಅಳತೆ ಬದಲಿಸಿದರೆ ಪವರ್‌ಪಾಯಿಂಟ್ Maximize ಬೇಕೋ Ensure Fit ಬೇಕೋ ಎಂದು ಕೇಳುತ್ತದೆ. ಯಾವುದನ್ನು ಒತ್ತಿದರೂ ಇಟ್ಟದ್ದು ಇಟ್ಟಲ್ಲಿ ಉಳಿಯುವುದಿಲ್ಲ.

ಇನ್ನು ಮುಂದೆ ಸೆಂಟಿಮೀಟರನ್ನು ಬಿಟ್ಟು ಎಲ್ಲ ಅಳತೆಯನ್ನು ಪಾಯಿಂಟಿನಲ್ಲಿಯೇ ಹಿಡಿಯುತ್ತೇನೆ. 11.25 ಇಂಚು ಎಂದರೆ ಸರಿಯಾಗಿ 810 ಪಾಯಿಂಟ್. ಒಂದು ಪಿಕ್ಸೆಲ್ಲಿಗೆ ಮುಕ್ಕಾಲು ಪಾಯಿಂಟ್. 810ನ್ನು 9ರಿಂದ, 6ರಿಂದ, 18ರಿಂದ, 27ರಿಂದ ಭಾಗಿಸಿದರೂ ಪೂರ್ಣ ಸಂಖ್ಯೆಯೇ ಬರುತ್ತದೆ. 28.575ಕ್ಕೆ ಆ ಗುಣವಿಲ್ಲ. ಸ್ಥಾನ ಬರೆಯುವ ಚೌಕದಲ್ಲಿ `90pt` ಎಂದು ಬರೆದರೆ ಸಾಕು, ಸೆಂಟಿಮೀಟರಿಗೆ ಅದೇ ಪರಿವರ್ತಿಸಿಕೊಳ್ಳುತ್ತದೆ.

ಈಗ ಅಂಚು. ಸೀರೆಯ ಅಂಚನ್ನು ಸ್ಲೈಡುಗಳ ಉದ್ದಕ್ಕೂ ಹರಿಸಲು ಎರಡು ದಾರಿಗಳಿವೆ. ಒಂದು, ನಿಜವಾದ ಸೀರೆಯ ಉದ್ದನೆಯ ಫೋಟೋವನ್ನು ಆರೂ ಸ್ಲೈಡುಗಳ ಮೇಲೆ ಹಾಸುವುದು. ಇನ್ನೊಂದು, ಒಂದು ಚಿಕ್ಕ ಕಸೂತಿ ಬಂಧವನ್ನು ಬರೆದು, ಅದರ ಅಗಲ ಸ್ಲೈಡಿನ ಅಗಲವನ್ನು ಶೇಷವಿಲ್ಲದೆ ಭಾಗಿಸುವಂತೆ ಇಟ್ಟು, ಅದನ್ನೇ ಮತ್ತೆ ಮತ್ತೆ ಕೂಡಿಸುವುದು. ನಾನು ಎರಡನೆಯದನ್ನೇ ಹಿಡಿಯುತ್ತೇನೆ. ಕಸೂತಿಗೂ ಅದೇ ಒಪ್ಪುತ್ತದೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ ಎಳೆ ಎಣಿಸಿಯೇ ಹಾಕುವ ಹೊಲಿಗೆ ಅದು. ಸೀರೆಯ ಅಗಲಕ್ಕೆ ಎಷ್ಟು ಬಂಧ ಕೂಡುತ್ತದೆ ಎಂದು ಮೊದಲೇ ಎಣಿಸದೆ ಯಾರೂ ಸೂಜಿ ಹಾಕುವುದಿಲ್ಲ.

ಲೆಕ್ಕ ಹೀಗೆ. ಒಂದು ಬಂಧದ ಅಗಲ 90 ಪಾಯಿಂಟ್. ಒಂದು ಸ್ಲೈಡಿಗೆ ಸರಿಯಾಗಿ ಒಂಬತ್ತು ಬಂಧ. ಬಂಧದೊಳಗೆ ನಾಲ್ಕು ಮನೆ, ಒಂದೊಂದು ಮನೆ 22.5 ಪಾಯಿಂಟ್, ಅಂದರೆ ಚಿತ್ರದಲ್ಲಿ 30 ಪಿಕ್ಸೆಲ್. ಹೊಲಿಗೆಯ ಒಂದು ಎಳೆ ಎಂದರೆ ಒಂದು ಮನೆಯಷ್ಟು ಉದ್ದದ ಗೆರೆ. ಗೆರೆಯ ದಪ್ಪ 4.5 ಪಾಯಿಂಟ್, Cap type ಅನ್ನು Round ಮಾಡಬೇಕು. ತುದಿ ದುಂಡಗಿದ್ದರೆ ನೂಲಿನ ಹಾಗೆ ಕಾಣುತ್ತದೆ, ಮೂಲೆಯಲ್ಲಿ ಎರಡು ಗೆರೆ ಕೂಡುವ ಕಡೆ ಸಂದೂ ಬೀಳುವುದಿಲ್ಲ.

ಮೆಂತ್ಯ ಹೊಲಿಗೆಯ ಅಡ್ಡ ಗುರುತು ಬೇಕಾದರೆ Insert, Shapes ಒಳಗಿನ ಗೆರೆಯನ್ನು ತೆಗೆದುಕೊಂಡು ಅಗಲ `22.5pt`, ಎತ್ತರ `22.5pt` ಕೊಡಿ. ಅದರ ಪ್ರತಿ ಮಾಡಿ Flip Horizontal ಮಾಡಿ ಮೊದಲಿನದರ ಮೇಲೆಯೇ ಕೂಡಿಸಿದರೆ ಒಂದು ಅಡ್ಡ ಹೊಲಿಗೆ ಆಯಿತು. ಗವಂತಿಗೂ ಮುರಗಿಗೂ ಅಡ್ಡಗೆರೆ, ನೆಟ್ಟಗೆರೆಗಳ ತುಣುಕು ಸಾಕು. ತುಣುಕಿನ ಬದಲು ಒಂದೇ ಉದ್ದ ಗೆರೆಗೆ Dash type ಕೊಟ್ಟರೆ ಕೆಲಸ ಬೇಗ ಮುಗಿಯುತ್ತದೆ ಅನಿಸುತ್ತದೆ. ಹಾಗೆ ಮಾಡಬೇಡಿ. ಆ ಚುಕ್ಕಿಗೆರೆಯ ಉದ್ದ ಗೆರೆಯ ದಪ್ಪಕ್ಕೆ ತಕ್ಕಂತೆ ಬದಲಾಗುತ್ತದೆಯೇ ಹೊರತು ನಮ್ಮ ಮನೆಯ ಅಳತೆಗೆ ಅಲ್ಲ. ಎರಡು ಸಾಲುಗಳಲ್ಲಿ ಹೊಲಿಗೆಗಳು ಒಂದರ ಕೆಳಗೆ ಒಂದು ಬರುವುದೇ ಇಲ್ಲ, ಎಳೆ ಎಣಿಸಿ ಕಲಿತವರ ಕಣ್ಣಿಗೆ ಅದು ಕೂಡಲೇ ಬೀಳುತ್ತದೆ.

ಒಂದು ಬಂಧ ಮುಗಿದ ಮೇಲೆ ಎಲ್ಲ ತುಣುಕುಗಳನ್ನು ಆಯ್ದು `Ctrl+G` ಒತ್ತಿ ಒಂದು ಗುಂಪು ಮಾಡಿ. ಈಗ ಅದರ ಹನ್ನೊಂದು ಪ್ರತಿ ಬೇಕು, ಒಂಬತ್ತಲ್ಲ. ಒಂದು ಬಂಧ ಸ್ಲೈಡಿನ ಎಡಕ್ಕೆ ಹೊರಗೆ, ಒಂದು ಬಲಕ್ಕೆ ಹೊರಗೆ ಇರಬೇಕು. ಮೊದಲನೆಯದಕ್ಕೆ Format Shape ಪಟ್ಟಿಯ Position ಒಳಗೆ Horizontal position `-90pt` ಎಂದು ಕೊಡಿ, ಕೊನೆಯದಕ್ಕೆ `810pt`. ನಡುವಿನ ಒಂಬತ್ತನ್ನು ಹೇಗಾದರೂ ಚೆಲ್ಲಿರಿ, ಹನ್ನೊಂದನ್ನೂ ಆಯ್ದು Align ಒಳಗಿನ Align Selected Objects ಮೇಲೆ ಗುರುತಿದೆಯೇ ನೋಡಿಕೊಂಡು, ಮೊದಲು Align Top, ಆಮೇಲೆ Distribute Horizontally ಒತ್ತಿ. ಎಲ್ಲ ಬಂಧಗಳೂ ಸರಿಯಾಗಿ 90 ಪಾಯಿಂಟಿಗೊಂದರಂತೆ ಕೂಡುತ್ತವೆ. ಕೈಯಿಂದ ಎಳೆದು ಕೂಡಿಸಿದರೆ ಈ ನಿಖರತೆ ಬರುವುದಿಲ್ಲ.

ಹೊರಗಿನ ಆ ಎರಡು ಬಂಧಗಳು ಯಾಕೆ ಬೇಕು ಎಂದರೆ, ಸ್ಲೈಡಿನ ಅಂಚಿನ ಮೇಲೆಯೇ ಒಂದು ನೆಟ್ಟಗೆರೆ ಬಂದಾಗ ಅದರ ದಪ್ಪದಲ್ಲಿ ಅರ್ಧ ಒಳಗಿರುತ್ತದೆ, ಅರ್ಧ ಹೊರಗಿರುತ್ತದೆ. ಎಡ ಸ್ಲೈಡಿನಲ್ಲಿ ಗೆರೆಯ ಎಡ ಅರ್ಧ, ಬಲ ಸ್ಲೈಡಿನಲ್ಲಿ ಬಲ ಅರ್ಧ ಕಾಣಿಸಿದರೆ ಮಾತ್ರ ಸರಿಸುವಾಗ ಎರಡೂ ಕೂಡಿ ಪೂರ್ತಿ ಗೆರೆಯಾಗುತ್ತದೆ. ಹೊರಗಿನ ಬಂಧ ಇರದಿದ್ದರೆ ಜೋಡಣೆಯ ಕಡೆ ಗೆರೆ ತೆಳ್ಳಗಾಗಿ ಕಾಣುತ್ತದೆ, ಇಲ್ಲವೆ ಮಾಯವೇ ಆಗುತ್ತದೆ. ಸ್ಲೈಡಿನ ಹೊರಗಿರುವ ಭಾಗ ಚಿತ್ರದಲ್ಲಿ ಬರುವುದಿಲ್ಲವಾದ್ದರಿಂದ ಅದನ್ನು ಕತ್ತರಿಸುವ ಕೆಲಸವಿಲ್ಲ. ಹಿಂದಿನ ಬಣ್ಣದ ಪಟ್ಟಿಗೂ ಇದೇ ಮಾತು. ಅದನ್ನು ಸರಿಯಾಗಿ 810 ಪಾಯಿಂಟ್ ಮಾಡದೆ ಎರಡೂ ಕಡೆ ಹತ್ತು ಹತ್ತು ಪಾಯಿಂಟ್ ಹೊರಗೆ ಚಾಚಿಸಿ. ಅಂಚಿಗೆ ಸರಿಯಾಗಿ ನಿಂತ ಬಣ್ಣ ಕೆಲವೊಮ್ಮೆ ಕೊನೆಯ ಒಂದು ಪಿಕ್ಸೆಲ್ ಸಾಲಿನಲ್ಲಿ ಹಿನ್ನೆಲೆಯೊಂದಿಗೆ ಬೆರೆತು ತೆಳುವಾಗುತ್ತದೆ. ಸರಿಸುವಾಗ ಕೂದಲೆಳೆಯಂಥ ಬಿಳಿ ಗೆರೆ ಕಂಡರೆ ಕಾರಣ ಬಹುಪಾಲು ಇದೇ.

ಈ ಅಂಚನ್ನು ಸ್ಲೈಡಿನ ಮೇಲೆ ಇಡಬೇಡಿ. ಹನ್ನೊಂದು ಬಂಧಗಳನ್ನೂ ಬಣ್ಣದ ಪಟ್ಟಿಯನ್ನೂ ಒಂದೇ ಗುಂಪು ಮಾಡಿ ಕತ್ತರಿಸಿ, View ಟ್ಯಾಬಿನ Slide Master ಒಳಗೆ ಅಂಟಿಸಿ. ಅಲ್ಲಿ ಅಂಟಿಸಿದ ಮೇಲೆ ಗುಂಪಿನ ಸ್ಥಾನ ಜರುಗಿದ್ದರೆ ಮತ್ತೆ ಸರಿ ಮಾಡಬೇಕು. ಗುಂಪಿನ ಎಡ ಅಂಚು ಬಂಧಗಳ ಎಡ ಅಂಚೇ ಆಗಿರುವಂತೆ, ಅಂದರೆ `-90pt`ಗೇ ಬರುವಂತೆ ನೋಡಿಕೊಳ್ಳಿ. ಎತ್ತರದಲ್ಲಿ ನಾನು Vertical position `690pt` ಕೊಡುತ್ತೇನೆ. ಅಂಚಿನ ಎತ್ತರ 90, ಅದರ ಕೆಳಗೆ 30 ಪಾಯಿಂಟ್ ಸೆರಗು ಬಿಟ್ಟ ಹಾಗೆ. ಮಾಸ್ಟರಿನಲ್ಲಿದ್ದರೆ ಬೆಲೆ ತಿದ್ದಲು ಬಂದವರ ಕೈ ತಾಗಿ ಅಂಚು ಜರುಗುವ ಭಯವಿಲ್ಲ, ಆರೂ ಸ್ಲೈಡುಗಳಲ್ಲಿ ಅದು ಒಂದೇ ಕಡೆ ಇರುತ್ತದೆ.

ಬಣ್ಣದ ವಿಷಯದಲ್ಲಿ ಒಂದು ಎಚ್ಚರಿಕೆ. ಕಡು ನೀಲಿ ನೆಲದ ಮೇಲೆ ಕೆಂಪು ನೂಲು ಬಟ್ಟೆಯಲ್ಲಿ ಬಹಳ ಚೆಂದ, ಫೋನಿನಲ್ಲಿ ಅಲ್ಲ. ನಾವು ಏರಿಸಿದ ಚಿತ್ರವನ್ನು ಆ್ಯಪ್ ಜೆಪೆಗ್ ಆಗಿ ಒತ್ತಿ ಚಿಕ್ಕದು ಮಾಡುತ್ತದೆ. ಆ ಒತ್ತುವಿಕೆಯಲ್ಲಿ ಬೆಳಕು ಕತ್ತಲೆಯ ವಿವರ ಉಳಿದಷ್ಟು ಬಣ್ಣದ ವಿವರ ಉಳಿಯುವುದಿಲ್ಲ. ಕೆಂಪೂ ನೀಲಿಯೂ ಒಂದೇ ಮಟ್ಟದಲ್ಲಿ ಕಪ್ಪಾಗಿರುವುದರಿಂದ ತೆಳು ಗೆರೆ ಹರಡಿಕೊಂಡು ಕೆಸರಿನ ಹಾಗೆ ಕಾಣುತ್ತದೆ. ಚಂದ್ರಕಾಳಿ ಸೀರೆಯ ರೀತಿ ಕಪ್ಪು ನೆಲದ ಮೇಲೆ ಬಿಳಿ ಅಥವಾ ಹಳದಿ ನೂಲು ಬರೆದರೆ ಪ್ರತಿ ಎಳೆಯೂ ನಿಲ್ಲುತ್ತದೆ. ಕೆಂಪೇ ಬೇಕು ಎಂದರೆ ನೆಲವನ್ನು ಕೆನೆ ಬಣ್ಣ ಮಾಡಿ.

ಇನ್ನು ನಿಜವಾದ ಬಟ್ಟೆಯ ಫೋಟೋ. ನೋಡುವವರಿಗೆ ಕೈಕೆಲಸ ಕಾಣಲೇಬೇಕು, ಆದ್ದರಿಂದ ಎರಡನೆಯ ಮತ್ತು ಮೂರನೆಯ ಸ್ಲೈಡಿನ ಮೇಲೆ ಒಂದೇ ಫೋಟೋವನ್ನು ಹಾಸುತ್ತೇನೆ. ಎರಡರ ನಡುವೆ ಒಂದು ಆನೆ ಅಥವಾ ತೇರು ಬರುವ ಹಾಗೆ ಇಟ್ಟರೆ ಅರ್ಧ ಕಂಡವರು ಉಳಿದರ್ಧ ನೋಡಲು ಸರಿಸುತ್ತಾರೆ. ಇದಕ್ಕಿಂತ ಹೆಚ್ಚು ಸ್ಲೈಡಿಗೆ ಫೋಟೋ ಹಿಗ್ಗಿಸುವುದಕ್ಕೆ ಮಿತಿ ಇದೆ. ಫೋನಿನ ಫೋಟೋ ಸಾಮಾನ್ಯವಾಗಿ 4000 ಪಿಕ್ಸೆಲ್ ಅಗಲ. ಎರಡು ಸ್ಲೈಡಿಗೆ ಬೇಕಾದದ್ದು 2160, ಮೂರಕ್ಕೆ 3240, ಅಲ್ಲಿಯವರೆಗೆ ಸರಿ. ಆರಕ್ಕೆ 6480 ಬೇಕು, ಅಷ್ಟು ಅದರಲ್ಲಿ ಇಲ್ಲ. ವಾಟ್ಸಾಪಿನಲ್ಲಿ ಫೋಟೋ ಆಗಿಯೇ ಕಳಿಸಿದ್ದಾದರೆ ಸುಮಾರು 1600 ಪಿಕ್ಸೆಲ್‌ಗೆ ಇಳಿದಿರುತ್ತದೆ, ಎರಡು ಸ್ಲೈಡಿಗೂ ಸಾಲದು. ಹೀಗಾಗಿ ಗುಂಪಿನವರಿಗೆ ನಾನು ಮೊದಲೇ ಹೇಳುವ ಮಾತು: "ಅಕ್ಕಾರ, ಫೋಟೋನ ಡಾಕ್ಯುಮೆಂಟ್ ಮಾಡಿ ಕಳಸ್ರಿ." ಡಾಕ್ಯುಮೆಂಟ್ ಆಗಿ ಬಂದರೆ ಫೋಟೋ ತೆಗೆದಷ್ಟೇ ದೊಡ್ಡದಾಗಿ ಬರುತ್ತದೆ.

ಫೋಟೋ ತೆಗೆಯುವಾಗ ಬಟ್ಟೆಯ ಹತ್ತಿರ ಹೋಗಬೇಡಿ. ಹತ್ತಿರದಿಂದ ತೆಗೆದರೆ ಅಂಚಿನ ನೇರ ಸಾಲುಗಳು ಬಿಲ್ಲಿನ ಹಾಗೆ ಬಾಗುತ್ತವೆ, ಎಣಿಕೆಯ ಹೊಲಿಗೆಯಲ್ಲಿ ಆ ಬಾಗು ಎದ್ದು ಕಾಣುತ್ತದೆ. ನಾಲ್ಕೈದು ಅಡಿ ಹಿಂದೆ ನಿಂತು 2x ಲೆನ್ಸಿನಲ್ಲಿ ತೆಗೆದದ್ದು ನೇರವಾಗಿರುತ್ತದೆ. ನೂಲಿನ ಉಬ್ಬು ಕಾಣಬೇಕಾದರೆ ಕಿಟಕಿಯ ಬೆಳಕು ಒಂದೇ ಪಕ್ಕದಿಂದ ಬೀಳಲಿ.

ಪವರ್‌ಪಾಯಿಂಟಿನಲ್ಲಿ ಫೋಟೋವನ್ನು ಎರಡನೆಯ ಸ್ಲೈಡಿಗೆ ತಂದು ಅಗಲ `1620pt` ಕೊಡಿ. 4000ಕ್ಕೆ 3000 ಅನುಪಾತದ ಫೋಟೋ ಆದರೆ ಎತ್ತರ 1215 ಪಾಯಿಂಟ್ ಆಗುತ್ತದೆ. ಮೇಲೆ ಕೆಳಗೆ ಬೇಡದ್ದನ್ನು Crop ಮಾಡಿ ಬೇಕಾದ ಎತ್ತರಕ್ಕೆ ತನ್ನಿ. ನನ್ನ ಲೆಕ್ಕದಲ್ಲಿ ಅದು 390 ಪಾಯಿಂಟ್, ಉಳಿದ ಜಾಗ ಅಕ್ಷರಕ್ಕೆ. ಬಾಗಿದ್ದರೆ ಅರ್ಧ ಡಿಗ್ರಿ, ಒಂದು ಡಿಗ್ರಿ ತಿರುಗಿಸುವುದೂ ಈಗಲೇ. ಆದರೆ ತಿರುಗಿಸಿದ ಚಿತ್ರದ ಸ್ಥಾನ ಲೆಕ್ಕಕ್ಕೆ ಸರಿಯಾಗಿ ಸಿಗದು, ಆದ್ದರಿಂದ ತಿರುಗಿಸಬೇಕಾದಾಗ ನಾನು ಫೋನಿನಲ್ಲಿಯೇ ತಿರುಗಿಸಿ ಉಳಿಸಿಕೊಂಡು ಬಳಸುತ್ತೇನೆ. ಎಲ್ಲ ತಿದ್ದುಪಡಿ ಮುಗಿದ ಮೇಲೆ ಸ್ಥಾನ ಅಡ್ಡಕ್ಕೆ `0pt` ಇಟ್ಟು, ಅದನ್ನು ನಕಲಿಸಿ ಮೂರನೆಯ ಸ್ಲೈಡಿಗೆ ಅಂಟಿಸಿ, ಅಲ್ಲಿ ಅಡ್ಡಸ್ಥಾನ `-810pt` ಕೊಡಿ. ನೆಟ್ಟಸ್ಥಾನ ಎರಡರಲ್ಲೂ ಒಂದೇ ಇರಲಿ. ನಕಲು ಮಾಡಿದ ಮೇಲೆ ಒಂದು ಸ್ಲೈಡಿನಲ್ಲಿ ಮಾತ್ರ ಬೆಳಕು ಹೆಚ್ಚಿಸಿದರೆ ಅಥವಾ ಮತ್ತೆ ಕತ್ತರಿಸಿದರೆ ಜೋಡಣೆ ಕೆಟ್ಟಿತು. ತಿದ್ದಬೇಕು ಅನಿಸಿದರೆ ಮೂರನೆಯದನ್ನು ಅಳಿಸಿ, ಎರಡನೆಯದನ್ನು ತಿದ್ದಿ, ಮತ್ತೆ ನಕಲಿಸುವುದೇ ಹತ್ತಿರದ ದಾರಿ.

ಆರೂ ಚೌಕವನ್ನು ಒಂದೇ ಅಗಲವಾದ ಸ್ಲೈಡಿನಲ್ಲಿ ಮಾಡಿ ಆಮೇಲೆ ತುಂಡರಿಸಬಾರದೇಕೆ ಎಂದು ಕೇಳುವವರಿದ್ದಾರೆ. ಪವರ್‌ಪಾಯಿಂಟಿನಲ್ಲಿ ಸ್ಲೈಡಿನ ಗರಿಷ್ಠ ಅಗಲ 56 ಇಂಚು. ಆರು ಚೌಕಕ್ಕೆ 67.5 ಇಂಚು ಬೇಕು. ನಾಲ್ಕು ಚೌಕ ಹಿಡಿಯುತ್ತದೆ, ಐದನೆಯದು ಹಿಡಿಯುವುದಿಲ್ಲ. ಹಿಡಿದರೂ ತುಂಡರಿಸಲು ಇನ್ನೊಂದು ಸಾಫ್ಟ್‌ವೇರ್ ಬೇಕು.

ಅಕ್ಷರದ ಅಳತೆಗೆ ಒಂದು ಸುಲಭ ಲೆಕ್ಕವಿದೆ. ಸ್ಲೈಡಿನ ಅಗಲ ಸುಮಾರು 28.6 ಸೆಂ.ಮೀ., ಫೋನಿನ ಪರದೆಯ ಅಗಲ ಸುಮಾರು 7 ಸೆಂ.ಮೀ. ಅಂದರೆ ಎಲ್ಲವೂ ನಾಲ್ಕನೆಯ ಒಂದು ಭಾಗವಾಗಿ ಕಾಣುತ್ತದೆ. ಸ್ಲೈಡಿನಲ್ಲಿ 40 ಪಾಯಿಂಟಿನ ಅಕ್ಷರ ಫೋನಿನಲ್ಲಿ 10 ಪಾಯಿಂಟಿನದು, ಪುಸ್ತಕದ ಅಕ್ಷರದ ಹಾಗೆ. 24 ಪಾಯಿಂಟ್ ಇಟ್ಟರೆ 6 ಪಾಯಿಂಟ್ ಆಗುತ್ತದೆ, ಕನ್ನಡದಲ್ಲಿ ಆ ಗಾತ್ರಕ್ಕೆ ಒತ್ತಕ್ಷರ ಗುರುತು ಸಿಗುವುದಿಲ್ಲ. ಹೀಗಾಗಿ ವಿವರಕ್ಕೆ 40, ಯಾವ ಕಾರಣಕ್ಕೂ 34ಕ್ಕಿಂತ ಕಡಿಮೆ ಇಲ್ಲ. ತಲೆಬರಹಕ್ಕೆ 72. ಪರೀಕ್ಷೆಯೂ ಸುಲಭ: ಕೆಳಗಿನ ಝೂಮ್ ಪಟ್ಟಿಯನ್ನು 25%ಗೆ ಇಳಿಸಿ, ಕುರ್ಚಿಯಲ್ಲಿ ಕುಳಿತಲ್ಲಿಂದಲೇ ಓದಿ. ಓದಲು ಮುಂದೆ ಬಾಗಬೇಕಾದರೆ ಅಕ್ಷರ ಚಿಕ್ಕದು ಎಂದರ್ಥ.

ಎರಡೂ ಪಕ್ಕ 60 ಪಾಯಿಂಟ್ ಬಿಟ್ಟರೆ 40 ಪಾಯಿಂಟಿನಲ್ಲಿ ಒಂದು ಸಾಲಿಗೆ ಸುಮಾರು 20 ಅಕ್ಷರ ಹಿಡಿಯುತ್ತವೆ. ಫೋಟೋ ಇರುವ ಸ್ಲೈಡಿನಲ್ಲಿ ಮೂರು ಸಾಲು, ಇಲ್ಲದ ಕಡೆ ಆರು. ಗವಂತಿ ಸ್ಲೈಡಿನ ಮಾತು ಇಷ್ಟೇ: "ಹೋಗುವಾಗ ಒಂದು ಮನೆ ಬಿಟ್ಟು ಒಂದು ಮನೆ. ಬರುವಾಗ ಬಿಟ್ಟ ಮನೆ ತುಂಬುವುದು. ಹಿಂದೆ ಮುಂದೆ ಒಂದೇ." ಮುರಗಿ ಅದೇ ಹೊಲಿಗೆ, ಮೆಟ್ಟಿಲಿನ ಹಾಗೆ ಏರಿ ಇಳಿಯುತ್ತದೆ. ನೇಗಿಯ ಹೆಸರೇ ಹೇಳುವಂತೆ ಅದು ನೇಯ್ದ ಹಾಗೆ ಕಾಣುತ್ತದೆ, ಆದರೆ ಹಿಂಭಾಗ ಮುಂಭಾಗದಂತಿರುವುದಿಲ್ಲ. ಮೆಂತ್ಯ ಅಡ್ಡ ಹೊಲಿಗೆ, ಮೆಂತ್ಯಕಾಳಿನಂತೆ ತುಂಬಿಕೊಳ್ಳುತ್ತದೆ. ನಾಲ್ಕನೆಯ ಮತ್ತು ಐದನೆಯ ಸ್ಲೈಡಿನಲ್ಲಿ ಫೋಟೋ ಬದಲು ಅದೇ ಮನೆ ಅಳತೆಯ ಗೆರೆಗಳಿಂದ ಹೊಲಿಗೆಯನ್ನು ದೊಡ್ಡದಾಗಿ ಬರೆಯುತ್ತೇನೆ. ಹೋಗುವ ಎಳೆಗೆ ಒಂದು ಬಣ್ಣ, ಬರುವ ಎಳೆಗೆ ಅದರದೇ ತಿಳಿ ಬಣ್ಣ ಕೊಟ್ಟರೆ ಮಾತು ಇನ್ನೂ ಕಡಿಮೆ ಸಾಕು.

ಕನ್ನಡ ಫಾಂಟ್ ಪವರ್‌ಪಾಯಿಂಟಿನಲ್ಲಿ ಕೈಕೊಡುವ ಜಾಗಗಳು ಗೊತ್ತಿರಬೇಕು. ಸಾಮಾನ್ಯ ಆಫೀಸ್ ಥೀಮಿನಲ್ಲಿ ಕನ್ನಡಕ್ಕೆ ತುಂಗಾ ಫಾಂಟ್ ಎಂದು ಬರೆದಿಟ್ಟಿರುತ್ತಾರೆ. ಈಗಿನ ವಿಂಡೋಸಿನಲ್ಲಿ ಅದು ಮೊದಲಿನಿಂದ ಇರುವುದಿಲ್ಲ, ಅದರ ಬದಲು ನಿರ್ಮಲಾ ಬರುತ್ತದೆ. ಆದ್ದರಿಂದ ಒಂದು ಕಂಪ್ಯೂಟರಿನಲ್ಲಿ ಸರಿಯಾಗಿ ಕಂಡ ಸಾಲು ಇನ್ನೊಂದರಲ್ಲಿ ಮುರಿದು ಕೆಳಗಿಳಿಯುತ್ತದೆ. ಕನ್ನಡ ಅಕ್ಷರಗಳನ್ನು ಆಯ್ದು ಫಾಂಟಿನ ಹೆಸರನ್ನು ನಾವೇ ಕೊಡುವುದು ಒಳ್ಳೆಯದು. ನಾನು ವಿವರಕ್ಕೆ ನೋಟೋ ಸಾನ್ಸ್ ಕನ್ನಡ, ತಲೆಬರಹಕ್ಕೆ ಬಾಲೂ ತಮ್ಮ ಬಳಸುತ್ತೇನೆ. ಗೂಗಲ್ ಫಾಂಟ್ಸಿನಿಂದ ಇಳಿಸಿದ ಝಿಪ್ ಫೈಲಿನಲ್ಲಿ ಎಲ್ಲ ದಪ್ಪಗಳೂ ಒಂದರಲ್ಲೇ ಇರುವ ವೇರಿಯಬಲ್ ಫೈಲು ಒಂದು, `static` ಎಂಬ ಫೋಲ್ಡರ್ ಒಂದು ಇರುತ್ತವೆ. ಹಾಕಿಕೊಳ್ಳಬೇಕಾದದ್ದು `static` ಒಳಗಿನವು. ವೇರಿಯಬಲ್ ಫೈಲನ್ನು ಪವರ್‌ಪಾಯಿಂಟ್ ಸರಿಯಾಗಿ ಹಿಡಿಯುವುದಿಲ್ಲ, ಬೇಕಾದ ದಪ್ಪ ಸಿಗುವುದಿಲ್ಲ.

ನಮ್ಮ ಊರಿನ ಹೆಸರಿನದೇ ಒಂದು ಫಾಂಟ್ ಗೂಗಲ್ ಫಾಂಟ್ಸಿನಲ್ಲಿದೆ, `Hubballi`. ತೆಳ್ಳಗಿನ, ಕೈಬರಹದ ಗುಣವಿರುವ ಅಕ್ಷರ, ನೂಲಿನ ಕೆಲಸದ ಪಕ್ಕದಲ್ಲಿ ಚೆನ್ನಾಗಿ ಒಪ್ಪುತ್ತದೆ. ಆದರೆ ಅದು ಒಂದೇ ದಪ್ಪದಲ್ಲಿದೆ. ದಪ್ಪ ಬೇಕೆಂದು `Ctrl+B` ಒತ್ತಿದರೆ ಪವರ್‌ಪಾಯಿಂಟ್ ಇರುವ ಗೆರೆಯನ್ನೇ ಉಬ್ಬಿಸುತ್ತದೆ, ಒತ್ತಕ್ಷರದೊಳಗಿನ ಸುಳಿಗಳು ಮುಚ್ಚಿಹೋಗುತ್ತವೆ. 60 ಪಾಯಿಂಟಿಗೆ ಮೇಲೆ, ದಪ್ಪ ಮಾಡದೆ, ಒಂದೆರಡು ಪದಕ್ಕೆ ಬಳಸಿದರೆ ಸೊಗಸು.

ಹುಬ್ಬಳ್ಳಿಯ ಪ್ರಿಂಟಿಂಗ್ ಅಂಗಡಿಯಲ್ಲಿ ಹಿಂದೆ ಮಾಡಿಸಿದ ಕರಪತ್ರದ ಸಾಲುಗಳನ್ನು ತಂದು ಅಂಟಿಸಿದಾಗ `PÀ£ÀßqÀ` ಎಂಬ ರೀತಿಯಲ್ಲಿ ಕಂಡರೆ ಅದು ಹಳೆಯ ನುಡಿ ಅಥವಾ ಅಂಥದೇ ಯೂನಿಕೋಡ್ ಅಲ್ಲದ ಅಕ್ಷರ. ಫಾಂಟ್ ಬದಲಿಸಿ ಸರಿ ಮಾಡಲು ಹೋಗದೆ ಯೂನಿಕೋಡಿಗೆ ಪರಿವರ್ತಿಸಿಕೊಂಡು ಅಂಟಿಸಿ. ಪರಿವರ್ತನೆಯಾದ ಮೇಲೆ ಅರ್ಕಾವತ್ತು ಇರುವ ಪದಗಳನ್ನೂ ಅಂಕಿಗಳನ್ನೂ ಒಮ್ಮೆ ಓದಿ ನೋಡಬೇಕು, ತಪ್ಪು ನುಸುಳುವುದು ಅಲ್ಲಿಯೇ.

ಸಾಲಿನ ನಡುವಿನ ಅಂತರಕ್ಕೆ Exactly ಬಳಸಬೇಡಿ, Multiple ಇಟ್ಟು 1.1 ಕೊಡಿ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಬಾರದು. ಅಕ್ಷರಗಳ ನಡುವೆ ಅಂತರ ಹೆಚ್ಚಿಸುವ ಆಯ್ಕೆಯನ್ನೂ ಮುಟ್ಟಬೇಡಿ, ಕನ್ನಡದಲ್ಲಿ ಒತ್ತು, ದೀರ್ಘಗಳು ಮೂಲ ಅಕ್ಷರದಿಂದ ದೂರ ಸರಿಯುತ್ತವೆ. Text Options ಒಳಗೆ Do not Autofit ಆಯ್ದುಕೊಳ್ಳುವುದು ಕಡ್ಡಾಯ. ಇಲ್ಲದಿದ್ದರೆ ಎರಡು ಪದ ಹೆಚ್ಚಾದ ಸ್ಲೈಡಿನಲ್ಲಿ ಅಕ್ಷರ ತಾನಾಗಿಯೇ ಚಿಕ್ಕದಾಗುತ್ತದೆ. ಪ್ರತಿ ಸ್ಲೈಡನ್ನು ಒಂದೊಂದಾಗಿ ನೋಡುವಾಗ ಅದು ಗೊತ್ತಾಗುವುದಿಲ್ಲ, ಸರಿಸುವಾಗ ಗೊತ್ತಾಗುತ್ತದೆ.

ಮೊದಲ ಸ್ಲೈಡಿನ ಅಕ್ಷರಕ್ಕೆ ಮಾತ್ರ ಪಕ್ಕದಲ್ಲಿ ಹೆಚ್ಚು ಜಾಗ ಬಿಡಬೇಕು. 2025ರ ಜನವರಿಯಿಂದ ಇನ್‌ಸ್ಟಾಗ್ರಾಮಿನ ಪ್ರೊಫೈಲ್ ಪುಟದ ಮನೆಗಳು ಚೌಕವಾಗಿ ಉಳಿದಿಲ್ಲ, ನಿಂತ ಆಯತಗಳಾಗಿವೆ. ಮೂರಕ್ಕೆ ನಾಲ್ಕರ ಆ ಮನೆಯಲ್ಲಿ ನಮ್ಮ ಚೌಕದ ನಡುವಿನ 810 ಪಿಕ್ಸೆಲ್ ಅಗಲ ಮಾತ್ರ ಕಾಣುತ್ತದೆ, ಎರಡೂ ಪಕ್ಕ 135 ಪಿಕ್ಸೆಲ್ ಮರೆಯಾಗುತ್ತದೆ. ಪಾಯಿಂಟಿನಲ್ಲಿ ಅದು 101.25. ಹಾಗಾಗಿ "ಕಸೂತಿಯ ನಾಲ್ಕು ಹೊಲಿಗೆ" ಎಂಬ ತಲೆಬರಹವನ್ನು ಎರಡೂ ಪಕ್ಕ 105 ಪಾಯಿಂಟ್ ಬಿಟ್ಟು ನಡುವೆ ಇಡುತ್ತೇನೆ, ಬೇಕಾದರೆ ಎರಡು ಸಾಲು ಮಾಡುತ್ತೇನೆ. ಅಂಚು ಪಕ್ಕದಲ್ಲಿ ಕತ್ತರಿಸಿಹೋದರೆ ನಷ್ಟವಿಲ್ಲ. ಎಲ್ಲ ಸ್ಲೈಡುಗಳಲ್ಲೂ ಬಲ ಮೇಲಿನ ಮೂಲೆ ಖಾಲಿ ಇರಲಿ, ಅಲ್ಲಿ 1/6 ಎಂಬ ಎಣಿಕೆ ಬಂದು ಕೂರುತ್ತದೆ. ಗುಂಪಿನ ಗುರುತನ್ನು ಅಲ್ಲಿಟ್ಟರೆ ಮೊದಲ ಕ್ಷಣದಲ್ಲಿ ಅದೇ ಮುಚ್ಚಿಹೋಗುತ್ತದೆ.

ಹೊರತೆಗೆಯುವುದು. File, Save As ಒಳಗೆ ಪಿಎನ್‌ಜಿ ಆಯ್ದು All Slides ಒತ್ತಿದರೆ ಒಂದು ಫೋಲ್ಡರಿನಲ್ಲಿ `Slide1.PNG`, `Slide2.PNG` ಎಂದು ಬರುತ್ತವೆ. ಆರು ಸ್ಲೈಡಿಗೆ ಇದು ಸಾಕು. ಹತ್ತು ದಾಟಿದರೆ ಕೆಲವು ಗ್ಯಾಲರಿಗಳಲ್ಲಿ `Slide10` ಒಂದರ ಪಕ್ಕ ಬಂದು ಕೂರುತ್ತದೆ. ಅದಕ್ಕೆ `Alt+F11` ಒತ್ತಿ, ಅಲ್ಲಿ `Ctrl+G` ಒತ್ತಿ, ಕೆಳಗೆ ತೆರೆಯುವ ಕಿಟಕಿಯಲ್ಲಿ ಈ ಒಂದು ಸಾಲು ಬರೆದು ಎಂಟರ್ ಒತ್ತುತ್ತೇನೆ:

```
For Each s In ActivePresentation.Slides: s.Export "D:\kasuti\" & Format(s.SlideIndex, "00") & ".png", "PNG", 1080, 1080: Next
```

`D:\kasuti` ಎಂಬ ಫೋಲ್ಡರ್ ಮೊದಲೇ ಇರಬೇಕು, ಇಲ್ಲದಿದ್ದರೆ ತಪ್ಪು ತೋರಿಸುತ್ತದೆ. `01.png`, `02.png` ಎಂದು ಸರಿಯಾದ ಸಾಲಿನಲ್ಲಿ ಬರುತ್ತವೆ. ಯಾರಾದರೂ ಆ ಕಂಪ್ಯೂಟರಿನಲ್ಲಿ 96ರ ಲೆಕ್ಕವನ್ನು ಬದಲಿಸಿದ್ದರೂ ಅಳತೆ 1080 ಆಗಿಯೇ ಇರುತ್ತದೆ. ಫೈಲನ್ನು ಮ್ಯಾಕ್ರೋ ಫೈಲಾಗಿ ಉಳಿಸುವ ಅಗತ್ಯವೂ ಇಲ್ಲ.

ಫೋನಿಗೆ ಕಳಿಸುವ ಮುಂಚೆ ಜೋಡಣೆ ನೋಡಿ. ಇನ್ನೊಂದು ಖಾಲಿ ಫೈಲಿನಲ್ಲಿ ಸ್ಲೈಡಿನ ಅಗಲ `22.5in`, ಎತ್ತರ `11.25in` ಮಾಡಿ, `02.png` ಅನ್ನು ಅಡ್ಡಸ್ಥಾನ 0ಗೆ, `03.png` ಅನ್ನು `810pt`ಗೆ ಇಟ್ಟು 200% ಝೂಮಿನಲ್ಲಿ ನಡುವಿನ ಗೆರೆಯನ್ನು ನೋಡಿ. ಗೆರೆಗಳು ಮೇಲೆ ಕೆಳಗೆ ಜರುಗಿದ್ದರೆ ನೆಟ್ಟಸ್ಥಾನ ತಪ್ಪಿದೆ. ಆನೆಯ ಕಾಲು ಎರಡು ಸಲ ಕಂಡರೆ ಅಥವಾ ಅರ್ಧ ಕಾಲು ಇಲ್ಲವಾದರೆ ಅಡ್ಡಸ್ಥಾನ `-810pt` ಆಗಿಲ್ಲ. ಬಿಳಿ ಎಳೆ ಕಂಡರೆ ಬಣ್ಣದ ಪಟ್ಟಿ ಹೊರಗೆ ಚಾಚಿಲ್ಲ.

ಫೋನಿಗೆ ಕಳಿಸುವಾಗಲೂ ಡಾಕ್ಯುಮೆಂಟ್ ಆಗಿಯೇ ಕಳಿಸಬೇಕು. ಏರಿಸುವಾಗ ಮೊದಲ ಚಿತ್ರದ ಅನುಪಾತವೇ ಉಳಿದವಕ್ಕೂ ಅನ್ವಯವಾಗುತ್ತದೆ, ಚೌಕದ ಆಯ್ಕೆ ಇದೆಯೇ ಒಮ್ಮೆ ನೋಡಿ. ಬೆರಳು ತಾಗಿ ಯಾವುದೋ ಒಂದು ಚಿತ್ರ ಹಿಗ್ಗಿದ್ದರೆ ಆ ಒಂದರಲ್ಲಿ ಅಂಚು ಮೇಲೇರಿ ಕಾಣುತ್ತದೆ, ಪ್ರಕಟಿಸುವ ಮುಂಚೆ ಆರನ್ನೂ ಒಮ್ಮೆ ಸರಿಸಿ ನೋಡಿಬಿಡಿ.

ಒಂದು ಕ್ಯಾರೊಸೆಲ್‌ನಲ್ಲಿ 20 ಚಿತ್ರಗಳವರೆಗೆ ಹಾಕಬಹುದು. ಮುಂದಿನ ಸಲ ಗುಂಪಿನವರು ತುಳಸಿ ಕಟ್ಟೆ, ಗೋಪುರ, ನವಿಲಿನ ಬಂಧಗಳನ್ನೂ ಸೇರಿಸಬೇಕು ಎಂದರೆ ಐದರ ಪಕ್ಕ ಹೊಸ ಸ್ಲೈಡುಗಳನ್ನು ತೂರಿಸಿದರೆ ಆಯಿತು. ಬೆಲೆಯ ಸ್ಲೈಡು ಬೇಡವೆಂದರೆ ತೆಗೆದರೆ ಆಯಿತು. ಪ್ರತಿ ಸ್ಲೈಡಿನಲ್ಲಿ ಒಂಬತ್ತು ಬಂಧ ಪೂರ್ತಿಯಾಗಿರುವುದರಿಂದ ಯಾವುದರ ಪಕ್ಕ ಯಾವುದು ಬಂದರೂ ಅಂಚು ಕೂಡುತ್ತದೆ. ಜೊತೆಗೇ ಇಡಬೇಕಾದದ್ದು ಫೋಟೋ ಹಾಸಿದ ಎರಡನೆಯ ಮತ್ತು ಮೂರನೆಯ ಸ್ಲೈಡುಗಳನ್ನು ಮಾತ್ರ.